23 ಜನರಿಂದ 3.47 ಬರುವುದಿಲ್ಲ

ಪ್ರಶ್ನೆ: ನಾನು ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಸಮೀಕ್ಷೆಗೆ ಆರಿಸಿಕೊಂಡ ಒಂದು ಪ್ರಬಂಧದಲ್ಲಿ 44 ವಿದ್ಯಾರ್ಥಿಗಳನ್ನು 23 ಮತ್ತು 21ರ ಎರಡು ಗುಂಪು ಮಾಡಿ, 1ರಿಂದ 5ರವರೆಗೆ ಅಂಕ ಕೊಡುವ ಒಂದೊಂದೇ ಪ್ರಶ್ನೆಯಿಂದ ತೃಪ್ತಿಯನ್ನೂ ಆಸಕ್ತಿಯನ್ನೂ ಅಳೆದಿದ್ದಾರೆ. ತೃಪ್ತಿಯ ಸರಾಸರಿ ಮೊದಲ ಗುಂಪಿಗೆ 3.47 (ಮಾನಕ ವಿಚಲನೆ 0.96), ಎರಡನೆಯದಕ್ಕೆ 2.84 (ಮಾನಕ ವಿಚಲನೆ 1.07), t(42) = 2.03. ಆಸಕ್ತಿಯ ಸರಾಸರಿ 3.63 ಮತ್ತು 3.16. ಈ ಸರಾಸರಿಗಳು ಅಸಾಧ್ಯ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಮೂಲ ದತ್ತಾಂಶ ನೋಡದೆ ಹಾಗೆ ಹೇಳಲು ಬರುತ್ತದೆಯೇ? ಇದು ವಂಚನೆಯೇ? ಪ್ರಬಂಧವನ್ನು ಕೈಬಿಡಬೇಕೇ?

ಉತ್ತರ: ಹೇಳಲು ಬರುತ್ತದೆ, ಮತ್ತು ನಿಮ್ಮ ಸಹೋದ್ಯೋಗಿಯ ಮಾತು ಸರಿ. ಆದರೆ ಅವರು ನಿಲ್ಲಿಸಿದ ಜಾಗದಿಂದ ಇನ್ನೂ ಸ್ವಲ್ಪ ಮುಂದೆ ಹೋದರೆ ಇದೇ ಸಂಖ್ಯೆಗಳು ಬೇರೊಂದು ವಿಷಯವನ್ನೂ ಹೇಳುತ್ತವೆ. ನಿಮ್ಮ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಇರುವುದು ಅಲ್ಲಿ.

ಪ್ರತಿಯೊಬ್ಬ ವಿದ್ಯಾರ್ಥಿಯೂ 1, 2, 3, 4, 5 ಇವುಗಳಲ್ಲಿ ಒಂದನ್ನು ಮಾತ್ರ ಕೊಟ್ಟಿದ್ದಾನೆ. ಹಾಗಿದ್ದಮೇಲೆ ಗುಂಪಿನ ಅಂಕಗಳ ಒಟ್ಟು ಮೊತ್ತ ಪೂರ್ಣಾಂಕವೇ ಆಗಿರಬೇಕು. ಸರಾಸರಿ ಎಂದರೆ ಆ ಪೂರ್ಣಾಂಕವನ್ನು 23ರಿಂದ ಭಾಗಿಸಿದ್ದು. 3.47ನ್ನು 23ರಿಂದ ಗುಣಿಸಿದರೆ 79.81 ಬರುತ್ತದೆ. ಇದಕ್ಕೆ ಅಕ್ಕಪಕ್ಕದ ಪೂರ್ಣಾಂಕಗಳು 79 ಮತ್ತು 80. ಹಿಂದಕ್ಕೆ ಭಾಗಿಸಿ ನೋಡಿದರೆ 79ಕ್ಕೆ 3.4348, ಅಂದರೆ 3.43, 80ಕ್ಕೆ 3.4783, ಅಂದರೆ 3.48. ಎರಡರ ನಡುವೆ ಇನ್ನೊಂದು ಪೂರ್ಣಾಂಕ ಇಲ್ಲವಾದ್ದರಿಂದ 3.44ರಿಂದ 3.47ರವರೆಗಿನ ಯಾವ ಸರಾಸರಿಯನ್ನೂ 23 ಜನ ಸೇರಿ ಕೊಡಲಾರರು. ಎರಡನೆಯ ಗುಂಪಿನ 2.84ನ್ನೂ ಹೀಗೆಯೇ ಪರೀಕ್ಷಿಸಬಹುದು: 21ರಿಂದ ಗುಣಿಸಿದರೆ 59.64, 59ರಿಂದ 2.81 ಬರುತ್ತದೆ, 60ರಿಂದ 2.86 ಬರುತ್ತದೆ, 2.84 ಬರುವುದಿಲ್ಲ. ಆಸಕ್ತಿಯ ಎರಡು ಸರಾಸರಿಗಳದ್ದೂ ಇದೇ ಪಾಡು. 23 ಜನರಿಗೆ 3.61 ಮತ್ತು 3.65 ಸಾಧ್ಯ, 3.63 ಅಲ್ಲ, 21 ಜನರಿಗೆ 3.14 ಮತ್ತು 3.19 ಸಾಧ್ಯ, 3.16 ಅಲ್ಲ. ಕೊಟ್ಟ ನಾಲ್ಕು ಸರಾಸರಿಗಳಲ್ಲಿ ನಾಲ್ಕೂ ಅಸಾಧ್ಯ.

ಈ ಪರೀಕ್ಷೆಗೆ ಗ್ರಿಮ್ ಎಂದು ಹೆಸರು. ನಿಕ್ ಬ್ರೌನ್ ಮತ್ತು ಜೇಮ್ಸ್ ಹೀದರ್ಸ್ 2016ರಲ್ಲಿ ಇದನ್ನು ಮಂಡಿಸಿದರು. ಪ್ರಾಥಮಿಕ ಶಾಲೆಯ ಭಾಗಾಕಾರಕ್ಕಿಂತ ಹೆಚ್ಚಿನದು ಇದರಲ್ಲಿ ಏನೂ ಇಲ್ಲ. ಅಷ್ಟು ಸರಳವಾದದ್ದನ್ನು ಅಲ್ಲಿಯವರೆಗೆ ಯಾರೂ ಕ್ರಮವಾಗಿ ಬಳಸಿರಲಿಲ್ಲ ಎನ್ನುವುದೇ ನನಗೆ ಇಂದಿಗೂ ಸೋಜಿಗ. ಅವರು ಮನೋವಿಜ್ಞಾನದ 260 ಪ್ರಬಂಧಗಳನ್ನು ನೋಡಿದರು. ಅವುಗಳಲ್ಲಿ 71 ಮಾತ್ರ ಈ ಪರೀಕ್ಷೆಗೆ ಒಗ್ಗುವಂತಿದ್ದವು, ಮತ್ತು ಆ 71ರಲ್ಲಿ 36 ಪ್ರಬಂಧಗಳಲ್ಲಿ ಕನಿಷ್ಠ ಒಂದಾದರೂ ಹೊಂದದ ಸರಾಸರಿ ಇತ್ತು.

ಮೊದಲಿಗೆ ಪರೀಕ್ಷೆಯ ಬಲ ಎಷ್ಟು ಎಂಬುದು ಸ್ಪಷ್ಟವಾಗಿರಲಿ. ಎರಡು ದಶಮಾಂಶ ಸ್ಥಾನಗಳಲ್ಲಿ .00ರಿಂದ .99ರವರೆಗೆ ನೂರು ಬಾಲಗಳು ಇರಬಹುದು; 23 ಜನರ ಗುಂಪಿಗೆ ಅವುಗಳಲ್ಲಿ 23 ಮಾತ್ರ ಲಭ್ಯ. ಯಾರಾದರೂ ಬಾಯಿಗೆ ಬಂದ ಸಂಖ್ಯೆ ಬರೆದರೆ ಅದು ಸಿಕ್ಕಿಬೀಳುವ ಸಂಭವ ನೂರಕ್ಕೆ 77. ಗುಂಪು ದೊಡ್ಡದಾದಷ್ಟೂ ಈ ಬಲ ಕುಗ್ಗುತ್ತದೆ, ನೂರು ಜನ ದಾಟಿದರೆ ಪೂರ್ತಿ ಹೋಗುತ್ತದೆ, ಏಕೆಂದರೆ ಆಗ ಎಲ್ಲ ನೂರು ಬಾಲಗಳೂ ಸಾಧ್ಯ. ಮೂರು ಸ್ಥಾನಗಳವರೆಗೆ ಬರೆದಿದ್ದರೆ ಸಾವಿರ ಜನರವರೆಗೂ ನಡೆಯುತ್ತದೆ. ಒಂದೇ ಸ್ಥಾನಕ್ಕೆ ಬರೆದಿದ್ದರೆ ಒಂಬತ್ತು ಜನರಿಗೇ ಮುಗಿಯಿತು. ಶೇಕಡಾವಾರು ಲೆಕ್ಕಕ್ಕೂ ಇದೇ ನಿಯಮ: 23 ಜನರಲ್ಲಿ ಶೇ 50ರಷ್ಟು ಮಂದಿ ಒಪ್ಪಿದರು ಎಂದು ಓದಿದರೆ ಹನ್ನೊಂದೂವರೆ ಮನುಷ್ಯರನ್ನು ಹುಡುಕಬೇಕಾಗುತ್ತದೆ.

ಇನ್ನು, ಅಸಾಧ್ಯ ಎನ್ನುವ ಮಾತನ್ನು ಬರವಣಿಗೆಯಲ್ಲಿ ಬಳಸುವ ಮುನ್ನ ನಿರಪರಾಧಿ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ನನ್ನ ಅನುಭವದಲ್ಲಿ ಹೊಸಬರು ಎಡವುವುದು ಇಲ್ಲಿಯೇ.

ದಶಮಾಂಶವನ್ನು ಅಂದಾಜಿಸದೆ ಕತ್ತರಿಸಿರಬಹುದೇ ಎಂಬುದು ಮೊದಲ ಪ್ರಶ್ನೆ. 80ನ್ನು 23ರಿಂದ ಭಾಗಿಸಿದ 3.4783ನ್ನು ಎರಡು ಸ್ಥಾನಕ್ಕೆ ಕತ್ತರಿಸಿದರೆ 3.47 ಸಿಗುತ್ತದೆ, ಅಂದರೆ ಮೊದಲ ಸರಾಸರಿ ತಾನಾಗಿಯೇ ನಿರ್ದೋಷಿಯಾಗುತ್ತದೆ! ಒಂದೇ ಸಂಖ್ಯೆಯ ಮೇಲೆ ತೀರ್ಪು ಕೊಡಬಾರದು ಎನ್ನುವುದು ಈ ಕಾರಣಕ್ಕೆ. ಆದರೆ ಕತ್ತರಿಸುವ ಕ್ರಮದಲ್ಲಿ 23 ಜನರಿಗೆ 3.60 ಮತ್ತು 3.65 ಬರುತ್ತವೆಯೇ ಹೊರತು 3.63 ಬರುವುದಿಲ್ಲ, 21 ಜನರಿಗೆ 2.80 ಮತ್ತು 2.85 ಬರುತ್ತವೆ, 2.84 ಬರುವುದಿಲ್ಲ. ಹೀಗಾಗಿ ನಾಲ್ಕರಲ್ಲಿ ಒಂದನ್ನು ಮಾತ್ರ ಉಳಿಸುವ ಈ ವಿವರಣೆಯನ್ನು ಬಿಡಬೇಕಾಗುತ್ತದೆ. ಇದರ ಜೊತೆಗೇ ಸರಿಯಾಗಿ 5ರಲ್ಲಿ ಮುಗಿಯುವ ಮೂರನೆಯ ಸ್ಥಾನವನ್ನು, ಉದಾಹರಣೆಗೆ ಎಂಟು ಜನರ ಸರಾಸರಿ 3.125ನ್ನು, ಒಂದು ತಂತ್ರಾಂಶ 3.13 ಎಂದೂ ಇನ್ನೊಂದು 3.12 ಎಂದೂ ಬರೆಯುತ್ತದೆ ಎಂಬುದು ನೆನಪಿರಲಿ, ಎರಡನ್ನೂ ಒಪ್ಪಿಕೊಳ್ಳಬೇಕು.

ಎರಡನೆಯದು, ಅಳತೆಯ ಅತಿ ಸಣ್ಣ ಹೆಜ್ಜೆ ಯಾವುದು ಎಂಬುದು. ತೃಪ್ತಿಯನ್ನು ಒಂದೇ ಪ್ರಶ್ನೆಯಿಂದ ಅಳೆದಿದ್ದರೆ ಹೆಜ್ಜೆ 1. ಎರಡು ಪ್ರಶ್ನೆಗಳ ಸರಾಸರಿಯನ್ನು ಪ್ರತಿ ವಿದ್ಯಾರ್ಥಿಯ ಅಂಕವೆಂದು ಹಿಡಿದಿದ್ದರೆ ಹೆಜ್ಜೆ ಅರ್ಧ, ಆಗ 23ರ ಬದಲು 46ರಿಂದ ಗುಣಿಸಬೇಕು. ನಮ್ಮ ಶಾಲಾ ಕಾಲೇಜುಗಳ ಉತ್ತರಪತ್ರಿಕೆಗಳಲ್ಲಿ ಅರ್ಧ ಅಂಕ ಕೊಡುವ ರೂಢಿ ಇರುವುದರಿಂದ ಪರೀಕ್ಷೆಯ ಅಂಕಗಳ ಸರಾಸರಿಯನ್ನು ನೋಡುವಾಗಲೂ ಇದೇ ಎಚ್ಚರ ಬೇಕು. ನಿಮ್ಮ 3.47 ಎರಡು ಪ್ರಶ್ನೆಗಳಿಗೂ ಹೊಂದುವುದಿಲ್ಲ, ಮೂರಕ್ಕೂ ಹೊಂದುವುದಿಲ್ಲ. ನಾಲ್ಕು ಪ್ರಶ್ನೆಗಳಾದರೆ 92ರ ಮೇಲೆ 319, ಅಂದರೆ 3.467, ಹೊಂದಿಬಿಡುತ್ತದೆ. ಆದ್ದರಿಂದ ಒಂದೊಂದೇ ಪ್ರಶ್ನೆ ಎಂದು ಲೇಖಕರು ನೇರವಾಗಿ ಬರೆದಿದ್ದಾರೆಯೋ ಅಥವಾ ನೀವು ಹಾಗೆ ಊಹಿಸಿದ್ದೀರೋ ಎಂದು ವಿಧಾನದ ಭಾಗವನ್ನು ಇನ್ನೊಮ್ಮೆ ಓದಿ. ಪ್ರತಿಕ್ರಿಯೆಯ ವೇಳೆ, ತೂಕ, ಗೆರೆಯ ಮೇಲೆ ಗುರುತು ಹಾಕಿಸಿ ಅಳೆದ ನೋವು ಇಂಥ ಅಳತೆಗಳಿಗೆ ಈ ಪರೀಕ್ಷೆ ಅನ್ವಯಿಸುವುದೇ ಇಲ್ಲ. ಬೇರೆ ಅಂಶಗಳಿಗೆ ಹೊಂದಿಸಿ ತಿದ್ದಿದ ಸರಾಸರಿಗಳಿಗೂ, ಬಿಟ್ಟುಹೋದ ಉತ್ತರಗಳನ್ನು ಅಂದಾಜಿನಿಂದ ತುಂಬಿದ ದತ್ತಾಂಶಕ್ಕೂ ಅನ್ವಯಿಸುವುದಿಲ್ಲ.

ಮೂರನೆಯದು, ಮತ್ತು ಬಹುತೇಕ ಪ್ರಕರಣಗಳಲ್ಲಿ ನಿಜವಾದ ಕಾರಣ, ಉತ್ತರಿಸದೆ ಬಿಟ್ಟವರು. ಗುಂಪಿನಲ್ಲಿ 23 ಜನ ಇದ್ದು 19 ಜನ ಮಾತ್ರ ಆ ಪ್ರಶ್ನೆಗೆ ಉತ್ತರಿಸಿದ್ದರೆ ಭಾಜಕ 19 ಆಗುತ್ತದೆ, ಕೋಷ್ಟಕದ ತಲೆಯಲ್ಲಿ ಮಾತ್ರ 23 ಎಂದೇ ಉಳಿದಿರುತ್ತದೆ. ಇದನ್ನು ಪತ್ತೆ ಹಚ್ಚಲು t ಪಕ್ಕದ ಆವರಣದಲ್ಲಿರುವ ಸಂಖ್ಯೆ ನೆರವಾಗುತ್ತದೆ. ಎರಡು ಗುಂಪುಗಳ ಸಾಮಾನ್ಯ t ಪರೀಕ್ಷೆಯಲ್ಲಿ ಅದು ಒಟ್ಟು ಜನರಲ್ಲಿ ಎರಡು ಕಳೆದದ್ದು. ನಿಮ್ಮಲ್ಲಿ 42 ಇದೆ. ಅಂದರೆ ತೃಪ್ತಿಯ ಲೆಕ್ಕದಲ್ಲಿ 44 ಜನರೂ ಇದ್ದಾರೆ, ಯಾರೂ ಬಿಟ್ಟುಹೋಗಿಲ್ಲ.

ಒಟ್ಟು 44 ಸರಿಯಿದ್ದು ಸರಾಸರಿಗಳು ಮಾತ್ರ ಹೊಂದುತ್ತಿಲ್ಲ ಎಂದಾದರೆ ಕೇಳಬೇಕಾದ ಪ್ರಶ್ನೆ ಒಂದೇ: 44ನ್ನು ಬೇರೆ ರೀತಿಯಲ್ಲಿ ಹಂಚಿದರೆ? ನಾನು ಮೊದಲ ಗುಂಪಿಗೆ 18ರಿಂದ 26ರವರೆಗೆ ಎಲ್ಲ ಗಾತ್ರಗಳನ್ನೂ ಹಾಕಿ ನೋಡಿದೆ. 3.47 ಬರುವುದು 19ಕ್ಕೆ ಮಾತ್ರ: 66 ಭಾಗಿಸು 19 ಎಂದರೆ 3.4737. ಹಾಗಾದರೆ ಎರಡನೆಯ ಗುಂಪು 25 ಆಗಬೇಕು, ಮತ್ತು 71ನ್ನು 25ರಿಂದ ಭಾಗಿಸಿದರೆ ಯಾವ ಅಂದಾಜೂ ಇಲ್ಲದೆ ಸರಿಯಾಗಿ 2.84. ಆಸಕ್ತಿಯ ಸಾಲನ್ನು ನೋಡಿ: 69 ಭಾಗಿಸು 19 ಎಂದರೆ 3.63, 79 ಭಾಗಿಸು 25 ಎಂದರೆ 3.16. 23 ಮತ್ತು 21 ಎಂದಾಗ ನಾಲ್ಕೂ ಸೋತ ಸರಾಸರಿಗಳು 19 ಮತ್ತು 25 ಎಂದಾಗ ನಾಲ್ಕೂ ಗೆಲ್ಲುತ್ತವೆ.

ಹುಡುಕಿದವನಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ ಎಂಬ ಅನುಮಾನ ಇಲ್ಲಿ ನ್ಯಾಯವಾದದ್ದು. ಯಾದೃಚ್ಛಿಕವಾದ ನಾಲ್ಕು ಸಂಖ್ಯೆಗಳು 19-25ರ ಹಂಚಿಕೆಗೆ ಆಕಸ್ಮಿಕವಾಗಿ ಹೊಂದುವ ಸಂಭವ ಸಾವಿರಕ್ಕೆ ಎರಡರಷ್ಟು. ನಾನು ಒಂಬತ್ತು ಹಂಚಿಕೆಗಳನ್ನು ನೋಡಿದ್ದರಿಂದ ಅದನ್ನು ನೂರಕ್ಕೆ ಎರಡು ಎಂದುಕೊಳ್ಳೋಣ. ಕಡಿಮೆಯೇ, ಆದರೆ ಇಷ್ಟಕ್ಕೇ ನಿಲ್ಲಿಸುವ ಅಗತ್ಯವಿಲ್ಲ, ಏಕೆಂದರೆ ಮಾನಕ ವಿಚಲನೆಗಳನ್ನು ನಾವು ಇನ್ನೂ ಮುಟ್ಟಿಯೇ ಇಲ್ಲ.

ಅಂಕಗಳು ಪೂರ್ಣಾಂಕಗಳಾದರೆ ಅವುಗಳ ವರ್ಗಗಳೂ ಪೂರ್ಣಾಂಕಗಳು, ಆ ವರ್ಗಗಳ ಮೊತ್ತವೂ ಪೂರ್ಣಾಂಕ. ಜೊತೆಗೆ ಇನ್ನೊಂದು ಕಟ್ಟು ಇದೆ. ಸಮಸಂಖ್ಯೆಯ ವರ್ಗ ಸಮ, ಬೆಸಸಂಖ್ಯೆಯ ವರ್ಗ ಬೆಸ. ಆದ್ದರಿಂದ ಅಂಕಗಳ ಮೊತ್ತ ಸಮವಾದರೆ ವರ್ಗಗಳ ಮೊತ್ತವೂ ಸಮ, ಅದು ಬೆಸವಾದರೆ ಇದೂ ಬೆಸ. ಜೋರ್ಡನ್ ಅನಯಾ 2016ರಲ್ಲೇ ಗ್ರಿಮ್ ಪರೀಕ್ಷೆಯನ್ನು ಮಾನಕ ವಿಚಲನೆಗೆ ವಿಸ್ತರಿಸಿದರು, ಆ ವಿಸ್ತರಣೆಗೆ ಗ್ರಿಮ್ಮರ್ ಎಂದು ಹೆಸರು. ವರ್ಗಗಳ ಮೊತ್ತವನ್ನು ಹೀಗೆ ಹಿಂದಕ್ಕೆ ಪಡೆಯಬಹುದು:

```
ವರ್ಗಗಳ ಮೊತ್ತ = (n - 1) * SD^2 + (ಮೊತ್ತ)^2 / n
```

ಮೊದಲ ಗುಂಪಿಗೆ n 19, ಮೊತ್ತ 66. ಮುದ್ರಿತ 0.96 ಎಂದರೆ ನಿಜವಾದ ಬೆಲೆ 0.955 ಮತ್ತು 0.965ರ ನಡುವೆ ಎಲ್ಲೋ ಇದೆ. ಎರಡು ತುದಿಗಳನ್ನೂ ಸೂತ್ರಕ್ಕೆ ಹಾಕಿದರೆ ವರ್ಗಗಳ ಮೊತ್ತ 245.68 ಮತ್ತು 246.03ರ ನಡುವೆ ಬೀಳುತ್ತದೆ. ಅಲ್ಲಿರುವ ಒಂದೇ ಪೂರ್ಣಾಂಕ 246. 66ರಂತೆ ಅದೂ ಸಮ. ಹೊಂದಿತು. ಈ ಬಲೆ ಎಷ್ಟು ಬಿಗಿ ಎಂದು ತಿಳಿಯಬೇಕಾದರೆ 0.97ರಿಂದ ಮುಂದಕ್ಕೆ ಹೋಗಿ ನೋಡಿ. 0.97, 0.98, 1.00, 1.01 ಇವುಗಳ ವ್ಯಾಪ್ತಿಯಲ್ಲಿ ಪೂರ್ಣಾಂಕವೇ ಇಲ್ಲ, 0.99ರ ವ್ಯಾಪ್ತಿಯಲ್ಲಿ 247 ಸಿಗುತ್ತದೆ, ಆದರೆ ಅದು ಬೆಸ. ಮುಂದಿನ ಸಾಧ್ಯ ಬೆಲೆ 1.02. ಅಂದರೆ ಆರರಲ್ಲಿ ಒಂದು ಬೆಲೆಗೆ ಮಾತ್ರ ಪ್ರವೇಶ, ಮತ್ತು ಮುದ್ರಿತ ಸಂಖ್ಯೆ ಆ ಒಂದರ ಮೇಲೆಯೇ ಬಿದ್ದಿದೆ. ಎರಡನೆಯ ಗುಂಪಿಗೆ n 25, ಮೊತ್ತ 71, ಮಾನಕ ವಿಚಲನೆ 1.07, ವ್ಯಾಪ್ತಿ 228.86ರಿಂದ 229.38, ಒಳಗೆ 229, ಬೆಸಕ್ಕೆ ಬೆಸ. ಅಲ್ಲಿ ಮುಂದಿನ ಸಾಧ್ಯ ಬೆಲೆ 1.11, ಅಂದರೆ ಸುಮಾರು ನಾಲ್ಕರಲ್ಲಿ ಒಂದು. ಆಕಸ್ಮಿಕ ಎನ್ನಲು ಇನ್ನು ಹೆಚ್ಚು ಜಾಗ ಉಳಿಯಲಿಲ್ಲ.

ಲೆಕ್ಕ ಹೊಂದಿದ ಮಾತ್ರಕ್ಕೆ ಅಂಥ ಅಂಕಗಳು 1ರಿಂದ 5ರೊಳಗೆ ನಿಜವಾಗಿ ಇರಲೇಬೇಕೆಂದಿಲ್ಲ, ಹಾಗಾಗಿ ಒಂದು ನಮೂನೆಯನ್ನು ಕೈಯಾರೆ ಕಟ್ಟಿ ನೋಡುವುದು ಒಳ್ಳೆಯದು. ಒಬ್ಬರು 1, ಒಬ್ಬರು 2, ಏಳು ಜನ 3, ಎಂಟು ಜನ 4, ಇಬ್ಬರು 5 ಕೊಟ್ಟರೆ ಜನ 19, ಮೊತ್ತ 66, ವರ್ಗಗಳ ಮೊತ್ತ 246. ಸಹಜವಾಗಿ ಕಾಣುವ ಹಂಚಿಕೆಯೇ. ಕಟ್ಟಿದ ಹಂಚಿಕೆಯಲ್ಲಿ ಎಲ್ಲರೂ ಎರಡು ತುದಿಗಳಿಗೇ ಹೋಗಿ ನಿಲ್ಲಬೇಕಾಗಿ ಬಂದಿದ್ದರೆ ಅದೂ ಒಂದು ಸುಳಿವಾಗುತ್ತಿತ್ತು.

ಇಲ್ಲಿ ಒಂದು ಬಲೆಯಲ್ಲಿ ನೀವೇ ಬೀಳಬಹುದು. ಎಕ್ಸೆಲ್‌ನಲ್ಲಿ `STDEV.S` ಎಂಬುದು n - 1ರಿಂದ ಭಾಗಿಸುತ್ತದೆ, `STDEV.P` ಎಂಬುದು n ರಿಂದ. ಲೇಖಕರು ಎರಡನೆಯದನ್ನು ಬಳಸಿದ್ದರೆ ಮೇಲಿನ ಸೂತ್ರದಲ್ಲಿ n - 1 ಇರುವಲ್ಲಿ n ಹಾಕಬೇಕು. ಸಣ್ಣ ಗುಂಪುಗಳಲ್ಲಿ ಅಷ್ಟರಿಂದಲೇ ಫಲಿತಾಂಶ ತಲೆಕೆಳಗಾಗುತ್ತದೆ. ಮಾನಕ ವಿಚಲನೆಯನ್ನು ಅಸಾಧ್ಯ ಎನ್ನುವ ಮೊದಲು ಎರಡೂ ಬಗೆಯಲ್ಲಿ ನೋಡಿರಬೇಕು. ಮೊದಲು ಸರಾಸರಿ ತೇರ್ಗಡೆಯಾಗಿರಬೇಕು ಎಂಬುದೂ ಅಷ್ಟೇ ಮುಖ್ಯ. 23 ಜನರ 3.47ಕ್ಕೆ ಮೊತ್ತವೇ ಇಲ್ಲವಾದ್ದರಿಂದ ಅದರ ಮಾನಕ ವಿಚಲನೆಯನ್ನು ಪರೀಕ್ಷಿಸುವುದು ಅರ್ಥಹೀನ.

t ಬೆಲೆ 2.03 ಈ ವ್ಯಾಜ್ಯವನ್ನು ತೀರಿಸುತ್ತದೆಯೇ ಎಂದು ನಿಮಗೆ ಅನ್ನಿಸಬಹುದು. ತೀರಿಸುವುದಿಲ್ಲ. 19 ಮತ್ತು 25 ಎಂದರೆ ಮೇಲೆ ಪಡೆದ ಮೊತ್ತಗಳಿಂದ 2.03 ಬರುತ್ತದೆ, 23 ಮತ್ತು 21 ಎಂದರೆ ಮುದ್ರಿತ ಸಂಖ್ಯೆಗಳಿಂದ 2.06 ಬರುತ್ತದೆ, ಆದರೆ ಸರಾಸರಿಗಳ ವ್ಯತ್ಯಾಸ ಅಂದಾಜಿನಿಂದಾಗಿ 0.01ರಷ್ಟು ಅತ್ತಿತ್ತ ಆದರೂ ಅದು 2.03ಕ್ಕೆ ಇಳಿಯುತ್ತದೆ. ಇದನ್ನು ಸಾಕ್ಷಿಯಾಗಿ ಬಳಸಬೇಡಿ.

ಕೈಲೆಕ್ಕ ಬೇಸರವೆನಿಸಿದರೆ ಸರಾಸರಿಯ ಪರೀಕ್ಷೆಗೆ ಪೈಥಾನ್‌ನ ಈ ಕೆಲವು ಸಾಲುಗಳು ಸಾಕು:

```python
from fractions import Fraction as F
from math import ceil, floor

def grim(mean, n, items=1, dp=2):
    h = F(1, 2 * 10**dp)
    m, g = F(mean), n * items
    return ceil((m - h) * g) <= floor((m + h) * g)

print(grim("3.47", 23))   # False
print(grim("3.47", 19))   # True
```

ಸರಾಸರಿಯನ್ನು ಉದ್ಧರಣ ಚಿಹ್ನೆಯೊಳಗೆ ಕೊಡುವುದು ಅಲಂಕಾರಕ್ಕಲ್ಲ. ಬರಿಯ 3.47 ಎಂದು ಕೊಟ್ಟರೆ ಗಣಕ ಅದನ್ನು ದ್ವಿಮಾನದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಇಟ್ಟುಕೊಳ್ಳುತ್ತದೆ, ಗಡಿಯ ಮೇಲೆ ನಿಂತ ಬೆಲೆಗಳು ಆಗ ತಪ್ಪು ಕಡೆಗೆ ಬೀಳಬಹುದು. ಎರಡೂ ತುದಿಗಳನ್ನು ಒಳಗೆ ಸೇರಿಸಿಕೊಂಡಿರುವುದರಿಂದ ಅಂದಾಜಿನ ಎರಡೂ ಪದ್ಧತಿಗಳಿಗೆ ಇದು ಅವಕಾಶ ಕೊಡುತ್ತದೆ.

ವಂಚನೆಯೇ ಎಂಬ ಪ್ರಶ್ನೆಗೆ ಬರೋಣ. ಅಂಕಗಣಿತ ಹೇಳುವುದು ಇಷ್ಟೇ: ಜನರ ಸಂಖ್ಯೆ, ಅಳತೆ, ಸರಾಸರಿ ಈ ಮೂರೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ. ಮೂರರಲ್ಲಿ ಯಾವುದು ತಪ್ಪು, ಅದು ಹೇಗೆ ತಪ್ಪಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. ಬ್ರೌನ್ ಮತ್ತು ಹೀದರ್ಸ್ ಹೊಂದದ ಪ್ರಬಂಧಗಳ ಪೈಕಿ 21ರ ಲೇಖಕರಿಂದ ದತ್ತಾಂಶ ಕೇಳಿದಾಗ 9 ಪ್ರಕರಣಗಳಲ್ಲಿ ಮಾತ್ರ ಸಿಕ್ಕಿತು. ಸಿಕ್ಕ ಒಂಬತ್ತರಲ್ಲೂ ಕನಿಷ್ಠ ಒಂದು ವರದಿದೋಷ ಇರುವುದು ಖಚಿತವಾಯಿತು. ವ್ಯಾಪಕ ತಿದ್ದುಪಡಿ ಬೇಕಾದದ್ದು ಮೂರಕ್ಕೆ. ಇನ್ನೊಂದು ತುದಿಯಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಬ್ರಯಾನ್ ವಾನ್ಸಿಂಕ್ ಅವರ ಪ್ರಯೋಗಾಲಯದ ಪ್ರಕರಣವಿದೆ. ಪಿಜ್ಜಾ ಬಫೆಯ ಒಂದೇ ದತ್ತಾಂಶದಿಂದ ಬಂದ ನಾಲ್ಕು ಪ್ರಬಂಧಗಳಲ್ಲಿ ಟಿಮ್ ವಾನ್ ಡರ್ ಜೀ, ಅನಯಾ ಮತ್ತು ಬ್ರೌನ್ 2017ರಲ್ಲಿ ಸುಮಾರು 150 ಅಸಂಗತಿಗಳನ್ನು ಪಟ್ಟಿ ಮಾಡಿದರು. ಗುಂಪುಗಳ ಗಾತ್ರ ಒಂದಕ್ಕೊಂದು ಹೊಂದದಿರುವುದೂ ಅವುಗಳಲ್ಲಿ ಸೇರಿತ್ತು. ಆದರೂ ಶೈಕ್ಷಣಿಕ ದುರ್ನಡತೆ ಎಂಬ ತೀರ್ಮಾನ ಬಂದದ್ದು ಭಾಗಾಕಾರದಿಂದಲ್ಲ, ವಿಶ್ವವಿದ್ಯಾಲಯ ನಡೆಸಿದ ವಿಚಾರಣೆಯಿಂದ, 2018ರಲ್ಲಿ. ನಿಮ್ಮ ಪ್ರಬಂಧದಲ್ಲಿ ಆರು ಸಂಖ್ಯೆಗಳೂ ಒಂದೇ ಬದಲಿ ಹಂಚಿಕೆಗೆ ಅಚ್ಚುಕಟ್ಟಾಗಿ ಕೂರುವುದರಿಂದ, ದತ್ತಾಂಶ ನಿಜವಾದದ್ದು, ಗುಂಪಿನ ಗಾತ್ರವನ್ನು ಮಾತ್ರ ತಪ್ಪಾಗಿ ಬರೆದಿದ್ದಾರೆ ಎಂದು ನಾನು ಎಣಿಸುತ್ತೇನೆ. ಯೋಜನೆಯ ಹಂತದಲ್ಲಿ 23 ಮತ್ತು 21 ಎಂದು ಹಂಚಿ, ಆಮೇಲೆ ಕೆಲವರು ಗುಂಪು ಬದಲಿಸಿರಬಹುದು. ಕಟ್ಟುಕಥೆಯ ಸಂಖ್ಯೆಗಳು ಇಷ್ಟು ಶಿಸ್ತಾಗಿ ಒಂದೇ ಕಡೆ ತಪ್ಪುವುದು ಅಪರೂಪ. ಹಾಗೆ ಗುಂಪು ಬದಲಾಗಿದ್ದರೆ ಅದು ಕಡಿಮೆ ದೋಷವೇನಲ್ಲ: ನಾಲ್ವರು ತಾವಾಗಿಯೇ ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗಿದ್ದರೆ ಯಾದೃಚ್ಛಿಕ ಹಂಚಿಕೆ ಎಂಬ ಮಾತು ಕೆಡುತ್ತದೆ.

ಲೇಖಕರಿಗೆ ಪತ್ರ ಬರೆಯಿರಿ, ಮತ್ತು ಅದರಲ್ಲಿ ಅಸಾಧ್ಯ ಎಂಬ ಪದ ಬೇಡ. “ತೃಪ್ತಿ ಮತ್ತು ಆಸಕ್ತಿಯ ಸರಾಸರಿಗಳನ್ನು 23 ಮತ್ತು 21ಕ್ಕೆ ಹೊಂದಿಸಲು ನನ್ನಿಂದ ಆಗಲಿಲ್ಲ, ಪ್ರತಿ ಸಾಲಿಗೆ ಉತ್ತರಿಸಿದವರ ಸಂಖ್ಯೆ ಮತ್ತು ಪ್ರಶ್ನೆಗಳ ಸಂಖ್ಯೆಯನ್ನು ತಿಳಿಸಲು ಸಾಧ್ಯವೇ?” ಎಂದು ಕೇಳಿದರೆ ಸಾಕು. 19 ಮತ್ತು 25 ಎಂಬ ನಿಮ್ಮ ಊಹೆಯನ್ನು ಮೊದಲೇ ಹೇಳಿಬಿಡಬೇಡಿ. ಅವರಾಗಿಯೇ ಆ ಸಂಖ್ಯೆಗಳನ್ನು ಕೊಟ್ಟರೆ ಅದು ಸ್ವತಂತ್ರ ದೃಢೀಕರಣ; ನೀವು ಬಾಯಿಗೆ ಇಟ್ಟ ಮೇಲೆ ಅವರು ಹೌದು ಎಂದರೆ ಅದಕ್ಕೆ ಬೆಲೆ ಕಡಿಮೆ.

ಪ್ರಬಂಧವನ್ನು ಕೈಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ನಿಮ್ಮ ಸಮೀಕ್ಷೆಗೆ ಬೇಕಾದದ್ದು ಪರಿಣಾಮದ ಗಾತ್ರವಾದರೆ, ಸರಾಸರಿಗಳ ವ್ಯತ್ಯಾಸವನ್ನು ಎರಡೂ ಗುಂಪುಗಳ ಕೂಡು ಮಾನಕ ವಿಚಲನೆಯಿಂದ ಭಾಗಿಸಿದಾಗ 23-21ರ ಹಂಚಿಕೆಯಲ್ಲೂ 19-25ರ ಹಂಚಿಕೆಯಲ್ಲೂ 0.62ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕೋಷ್ಟಕದಲ್ಲಿ ಅದನ್ನು ಸೇರಿಸಿ, ವರದಿಯಾದ ಗುಂಪಿನ ಗಾತ್ರಕ್ಕೆ ಸರಾಸರಿಗಳು ಹೊಂದುವುದಿಲ್ಲ ಎಂದು ಕೆಳಗೆ ಒಂದು ಟಿಪ್ಪಣಿ ಹಾಕಿ, ಆ ಪ್ರಬಂಧವನ್ನು ಬಿಟ್ಟು ಮಾಡಿದ ಲೆಕ್ಕವನ್ನೂ ಪಕ್ಕದಲ್ಲಿ ಕೊಡಿ. ಆದರೆ ಯಾದೃಚ್ಛಿಕ ಹಂಚಿಕೆಯ ಅಧ್ಯಯನಗಳನ್ನು ಮಾತ್ರ ಸೇರಿಸಿಕೊಳ್ಳುವ ನಿಯಮವನ್ನು ನೀವು ಇಟ್ಟುಕೊಂಡಿದ್ದರೆ, ಲೇಖಕರ ಉತ್ತರ ಬರುವವರೆಗೆ ಅದನ್ನು ಪಟ್ಟಿಯ ಹೊರಗೆ ಇಡಿ.